ಮಸಾಲೆ ಪ್ಯಾಕೆಟ್ ಪ್ರಾಜೆಕ್ಟ್: ಒಂದು ಮೇಲ್, ಒಂದು ಕೆಂಪು

ಜೂನ್ 3
ಪರಿಚಯವೇ ಇಲ್ಲದವರಿಗೆ ಮೇಲ್ ಬರೆದು ಪ್ಯಾಕೆಟ್ ವಿನ್ಯಾಸದ ಕೆಲಸ ಕೇಳುವುದು ನನಗೆ ಹೊಸದು. ಮನೆಮಂದಿಯೇ ನಡೆಸುವ ಒಂದು ಮಸಾಲೆ ಪುಡಿ ಅಂಗಡಿಯನ್ನು ಆರಿಸಿಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಅವರದೇ ಪುಡಿ. ಮೇಲ್‌ನ ಮೊದಲ ಕರಡು ಇವತ್ತು ಮುಗಿಯಿತು, ನನ್ನ ಸಲಹೆ ಇಷ್ಟು: ಖಾಕಿ ಕಾಗದದ ಪೌಚ್, ಪುಡಿ ಕಾಣುವ ಹಾಗೆ ಪಾರದರ್ಶಕ ಕಿಟಕಿ, ಎಲ್ಲಾ ಇಂಗ್ಲಿಷ್‌ನಲ್ಲಿ.

ಜೂನ್ 5
ಪ್ಯಾಕಿಂಗ್ ಫಿಲ್ಮ್ ಪ್ರಿಂಟ್ ಮಾಡುವ ಗೆಳೆಯನಿಗೆ ಕರಡು ತೋರಿಸಿದೆ. ಓದಿ ನಕ್ಕ. ಬೆಳಕು ಬಿದ್ದರೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಮಂಕಾಗುತ್ತದೆ, ಕಿಟಕಿ ಇಟ್ಟ ಪ್ಯಾಕೆಟ್ ಅಂಗಡಿಯಲ್ಲಿ ಕೂತಷ್ಟೂ ಪುಡಿ ಹಳತಾಗಿ ಕಾಣುತ್ತದೆ ಎಂದ. ಅದಕ್ಕಿಂತ ಮುಖ್ಯವಾಗಿ, ಇಂಥ ಪ್ಯಾಕೆಟ್ ಅಚ್ಚಾಗುವ ಗ್ರೇವರ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಿಸಬೇಕು. ವಿನ್ಯಾಸ ಪೂರ್ತಿ ಬದಲಾದರೆ ಹಳೆಯ ಸಿಲಿಂಡರ್‌ಗಳೆಲ್ಲ ದಂಡ, ಗೋಡೌನಿನಲ್ಲಿರುವ ಪ್ರಿಂಟಾದ ರೋಲೂ ದಂಡ. "ನೀನು ಕೇಳ್ತಿರೋದು ನಿನ್ನ ಫೀಸ್ ಅಲ್ಲ, ಅವರ ಸಿಲಿಂಡರ್ ದುಡ್ಡು" ಎಂದ. ಕರಡು ಅಳಿಸಿದೆ.

ಜೂನ್ 8
ಬೀದಿಯ ದಿನಸಿ ಅಂಗಡಿಯಲ್ಲಿ ಸಂಜೆ ಒಂದು ಗಂಟೆ ನಿಂತೆ. ಈ ಮಸಾಲೆಯವರ ಸಾರಿನ ಪುಡಿ ಕೇಳಿದ ಇಬ್ಬರಿಗೆ ಅಂಗಡಿಯವರು ಸಾಂಬಾರ್ ಪುಡಿ ಎತ್ತಿಕೊಟ್ಟು, ಮತ್ತೆ ಬದಲಾಯಿಸಿದರು. ಎರಡಕ್ಕೂ ಒಂದೇ ಕೆಂಪು ಹಿನ್ನೆಲೆ, ಒಂದೇ ಮೆಣಸಿನಕಾಯಿ ಚಿತ್ರ. ಹೆಸರು ಮಾತ್ರ ಬೇರೆ, ಅದೂ ಚಿಕ್ಕ ಅಕ್ಷರ. ಬರೆಯಬೇಕಾದ್ದು ಇಷ್ಟೇ!

ಎರಡೂ ಪ್ಯಾಕೆಟ್ ತಂದು ಹಿಂಬದಿಯ ಜೋಡಣೆ ಬಿಡಿಸಿದೆ. ಅಂಚಿನಲ್ಲಿ ಸಣ್ಣ ಬಣ್ಣದ ಚುಕ್ಕಿಗಳ ಸಾಲು ಇತ್ತು, ಬಳಸಿದ ಒಂದೊಂದು ಶಾಯಿಗೆ ಒಂದೊಂದು. ಏಳು ಎಣಿಸಿದೆ. ಅದರಲ್ಲಿ ಒಂದು ಆ ಹಿನ್ನೆಲೆಯ ಕೆಂಪೇ. ಅಂದರೆ ಅದು ಮಜಂತಾ, ಹಳದಿ ಬೆರೆತು ಬಂದ ಕೆಂಪಲ್ಲ, ಅದಕ್ಕೇ ಬೇರೆ ಸಿಲಿಂಡರ್ ಇದೆ. ಸಾರಿನ ಪುಡಿ ಅಚ್ಚಾಗುವಾಗ ಅದೇ ಸಿಲಿಂಡರ್‌ಗೆ ಬೇರೆ ಶಾಯಿ ಹಾಕಿದರೆ ಮುಗಿಯಿತು, ಹೊಸದೇನೂ ಕೆತ್ತಿಸಬೇಕಿಲ್ಲ.

ಜೂನ್ 9
ಮೇಲ್ ಕಳಿಸಿದೆ. ವಿಳಾಸ ಸಿಕ್ಕಿದ್ದು ಪ್ಯಾಕೆಟ್ಟಿನ ಹಿಂದೆಯೇ. ಗ್ರಾಹಕರ ದೂರಿಗೆಂದು ಕಾನೂನಿನ ಪ್ರಕಾರ ಹಾಕಲೇಬೇಕಾದ ವಿಳಾಸ ಅದು. ಕನ್ನಡದಲ್ಲೇ ಬರೆದೆ. ವಿಷಯದ ಸಾಲು: "ಸಾರಿನ ಪುಡಿ ಕೇಳಿದರೆ ಸಾಂಬಾರ್ ಪುಡಿ ಬಂತು."

"ನಮಸ್ಕಾರ. ನಾನು ನಿಮ್ಮ ಗ್ರಾಹಕ, ಸ್ವಂತವಾಗಿ ಪ್ಯಾಕೆಟ್ ವಿನ್ಯಾಸ ಮಾಡುವವನು. ನಮ್ಮ ಬೀದಿಯ ಅಂಗಡಿಯಲ್ಲಿ ಒಂದು ಗಂಟೆಯಲ್ಲಿ ಎರಡು ಸಲ ಈ ಅದಲುಬದಲು ನೋಡಿದೆ. ಫೋಟೋ ಜೊತೆಗಿದೆ. ಸಾಂಬಾರ್ ಪುಡಿ ಕೆಂಪಾಗಿಯೇ ಇರಲಿ. ಸಾರಿನ ಪುಡಿಯ ಹಿನ್ನೆಲೆಗೆ ಮಾತ್ರ ಕಡು ಹಸಿರು ಸೂಚಿಸುತ್ತೇನೆ. ಹೊಸ ಸಿಲಿಂಡರ್ ಬೇಕಿಲ್ಲ, ಶಾಯಿ ಬದಲಿಸಿದರೆ ಸಾಕು. ಈಗಿರುವ ರೋಲ್ ಖರ್ಚಾದ ಮೇಲೆ ಮಾಡಿದರಾಯಿತು. ಹಿಂಬದಿಯ ಬರಹ ಯಾವುದನ್ನೂ ಮುಟ್ಟುವುದಿಲ್ಲ. ಹತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದೇ?"

ನನ್ನ ಹಳೆಯ ಕೆಲಸಗಳ ಪಟ್ಟಿ ಹಾಕಲಿಲ್ಲ. ಕೈ ತುರಿಸಿತು, ತಡೆದುಕೊಂಡೆ.

ಜೂನ್ 18
ಒಂಬತ್ತು ದಿನ ಸದ್ದಿಲ್ಲ, ಇವತ್ತು ಫೋನ್. ಮೇಲ್ ನೋಡಿದ್ದು ಮನೆಯ ಸೊಸೆ, ದೂರು ಅಂದುಕೊಂಡು ತೆರೆದರಂತೆ. ಮಾತಾಡಿದ್ದು ಅವರ ಮಾವ. "ಕೆಂಪು ನಮ್ಮಪ್ಪ ಇಟ್ಟಿದ್ದು, ಅದನ್ನ ಬಿಡಲ್ಲ ಅಂತ ಫೋನ್ ಮಾಡಿದೆ. ಆಮೇಲೆ ನೋಡಿದ್ರೆ ನೀವೂ ಬಿಡಿ ಅಂದಿಲ್ಲ" ಎಂದರು. ಸಿಲಿಂಡರ್ ಇಟ್ಟುಕೊಂಡಿರುವ ಪ್ರೆಸ್ಸಿನವರ ನಂಬರ್ ಕೊಟ್ಟರು.

ಜೂನ್ 20
ಪ್ರೆಸ್ಸಿನವರು ಒಂದೇ ಮಾತಿಗೆ ನೆಲಕ್ಕಿಳಿಸಿದರು. "ಸಾರ್, ಆ ಕೆಂಪು ಸಿಲಿಂಡರ್‌ನಲ್ಲಿ ಮೆಣಸಿನಕಾಯೂ ಇದೆ. ಹಸಿರು ಹಾಕಿದ್ರೆ ಕಾಯೂ ಹಸಿರಾಗುತ್ತೆ." ಚುಕ್ಕಿ ಎಣಿಸಿದ ನಾನು, ಆ ಶಾಯಿ ಇನ್ನೆಲ್ಲೆಲ್ಲಿ ಬಿದ್ದಿದೆ ಎಂದು ನೋಡಿರಲಿಲ್ಲ. ಭೂತಗನ್ನಡಿ ಹಿಡಿದಿದ್ದರೆ ಕಾಯಿಯ ಮೈಮೇಲೆ ಅದೇ ಕೆಂಪು ಕಾಣುತ್ತಿತ್ತು. ಮೇಲ್‌ನಲ್ಲಿ "ಬೇಕಿಲ್ಲ" ಎಂದು ಖಡಾಖಂಡಿತವಾಗಿ ಬರೆದದ್ದು ತಪ್ಪು.

ಜೂನ್ 24
ಹಸಿರಿನ ಬದಲು ಕಡು ಮರೂನ್ ಹಾಕಿದರೆ ಕಾಯಿ ಒಣಗಿದ ಬ್ಯಾಡಗಿಯ ಹಾಗೇ ಕಾಣುತ್ತದಲ್ಲ ಎಂದು ಆಸೆಯಾಯಿತು. ಬಣ್ಣದ ಪ್ರಿಂಟ್ ತೆಗೆದು ನಾಲ್ಕು ಪ್ಯಾಕೆಟ್ಟಿಗೆ ಅಂಟಿಸಿ ಅಂಗಡಿಯವರ ಕಪಾಟಿನಲ್ಲಿಟ್ಟೆ. ಕಾಯಿ ಚೆನ್ನಾಗಿಯೇ ಇತ್ತು. ಆದರೆ ಟ್ಯೂಬ್‌ಲೈಟಿನ ಬೆಳಕಲ್ಲಿ ಆರಡಿ ದೂರದಿಂದ ಎರಡೂ ಮತ್ತೆ ಒಂದೇ. ಅಂಗಡಿಯವರು ನೋಡಿ ತಲೆ ಅಲ್ಲಾಡಿಸಿದರು.

ಜೂನ್ 25
ಇದ್ದದ್ದನ್ನು ಇದ್ದ ಹಾಗೆ ಯಜಮಾನರಿಗೆ ಹೇಳಿದೆ. ಸಾರಿನ ಪುಡಿಗೆ ಎರಡು ಸಿಲಿಂಡರ್ ಬೇಕು: ಕಾಯಿ ಇಲ್ಲದ ಹಿನ್ನೆಲೆಗೆ ಒಂದು, ಕಾಯಿಯ ಕೆಂಪಿಗೆ ಇನ್ನೊಂದು. ಬಣ್ಣ ಏಳರಿಂದ ಎಂಟಾಗುತ್ತದೆ, ಪ್ರೆಸ್ಸಿನವರ ಮಶೀನಿಗೆ ಎಂಟೇ ಗಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರಿನ ಪುಡಿ ರೋಲ್ ಇನ್ನೂ ಎರಡಿದೆ. ಅದು ಮುಗೀಲಿ, ಅಷ್ಟರಲ್ಲಿ ಹಸಿರಿನದೊಂದು ಮಾದರಿ ಮಾಡಿ ತನ್ನಿ" ಎಂದರು. ಈ ಸಲ ಪ್ರೆಸ್ಸಿನವರಿಂದ ಬಿಡಿ ಬಣ್ಣಗಳ ಫೈಲ್ ತರಿಸಿಕೊಂಡು ಕೂತಿದ್ದೇನೆ.