ಎದುರಿಗಿಲ್ಲದವರ ಮನಸ್ಸು: ಸಂಬಂಧದ ಸ್ಪ್ರೆಡ್ ಬದಲಿಸುವ ಕೆಲಸ ಎಲ್ಲಿಗೆ ಬಂತು

ಗಂಗಾವತಿಯಲ್ಲಿ ನನ್ನ ಹತ್ತಿರ ಟ್ಯಾರೋ ಕೇಳಲು ಬರುವವರಲ್ಲಿ ಬಹಳ ಮಂದಿ ತಮ್ಮ ಬಗ್ಗೆ ಕೇಳುವುದಿಲ್ಲ. "ಅವರ ಮನಸ್ಸಿನಾಗ ಏನೈತಿ, ನೋಡಿ ಹೇಳ್ರಿ" ಎಂದೇ ಮಾತು ಶುರುವಾಗುತ್ತದೆ. ಆ ‘ಅವರು’ ಗಂಡ ಇರಬಹುದು, ಅತ್ತೆ ಇರಬಹುದು, ಮಾತು ಬಿಟ್ಟ ಗೆಳತಿ ಇರಬಹುದು. ತಮ್ಮ ಹೆಸರಿನಲ್ಲಿ ಕಾರ್ಡ್ ಹಾಕುತ್ತಿದ್ದಾರೆ ಎಂಬುದು ಅವರಿಗೆ ಗೊತ್ತೇ ಇರುವುದಿಲ್ಲ. ಇಂಥ ಪ್ರಶ್ನೆಗೆ ಬಳಸುತ್ತಿದ್ದ ಏಳು ಕಾರ್ಡಿನ ಸ್ಪ್ರೆಡ್ಡನ್ನು, ಅಂದರೆ ಯಾವ ಜಾಗದಲ್ಲಿ ಯಾವುದಕ್ಕೆ ಕಾರ್ಡ್ ಹಾಕುವುದು ಎಂಬ ಕ್ರಮವನ್ನು, ಕೆಲವು ತಿಂಗಳಿಂದ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ. ಅದು ಈಗ ಎಲ್ಲಿಗೆ ಬಂದಿದೆ ಎಂದು ಇಲ್ಲಿ ಬರೆದಿಡುತ್ತೇನೆ.

ಹಳೆಯ ಸ್ಪ್ರೆಡ್ ಹಲವರಿಗೆ ಗೊತ್ತಿರುವಂಥದ್ದೇ. ಎಡಗಡೆ ಮೂರು ಕಾರ್ಡ್ ಕೇಳುವವರದು, ಬಲಗಡೆ ಮೂರು ಎದುರಿನವರದು, ನಡುವೆ ಒಂದು ಸಂಬಂಧದ್ದು. ತೊಡಕು ಇರುವುದು ಬಲಗಡೆಯಲ್ಲಿ. ಅಲ್ಲಿ ಸೆವೆನ್ ಆಫ್ ಸ್ವೋರ್ಡ್ಸ್ ಬಂತು ಅನ್ನಿ. ಡೇರೆಗಳ ಕಡೆಯಿಂದ ಕತ್ತಿಗಳನ್ನು ಹೊತ್ತುಕೊಂಡು, ಹಿಂದೆ ತಿರುಗಿ ನೋಡುತ್ತ ಜಾರಿಕೊಳ್ಳುವ ಮನುಷ್ಯನ ಚಿತ್ರ ಅದು. ಮೋಸ, ಮುಚ್ಚಿಡುವುದು ಎಂದು ಓದುವುದು ರೂಢಿ. ಎಡಗಡೆ ಬಂದರೆ "ನಾನು ಏನು ಮುಚ್ಚಿಡುತ್ತಿದ್ದೇನೆ?" ಎಂದು ಕೇಳುವವರೇ ಯೋಚಿಸಿ ಹೌದು ಅನ್ನಬಹುದು, ಇಲ್ಲ ಅನ್ನಬಹುದು. ಬಲಗಡೆ ಬಂದರೆ ಅದು ಎದುರಿಗಿಲ್ಲದವರ ಮೇಲೆ ಹೊರಿಸಿದ ಆರೋಪ. ಇಲ್ಲ ಅನ್ನಲು ಅವರು ಅಲ್ಲಿಲ್ಲ. ನಮ್ಮ ಕಡೆ ಆ ಮಾತು ಕೇಳಿದವರ ಹತ್ತಿರವೇ ಉಳಿಯುವುದೂ ಇಲ್ಲ. ಸಂಜೆಯೊಳಗೆ ತಾಯಿಗೆ, ತಾಯಿಯಿಂದ ಸೋದರಮಾವನಿಗೆ, ಅಲ್ಲಿಂದ ಸಂಬಂಧ ಹೇಳಿದವರ ಮನೆಗೆ ಹೋಗುತ್ತದೆ.

ಮೊದಲು ಬಲಗಡೆಯ ಜಾಗಗಳ ಹೆಸರನ್ನಷ್ಟೇ ಬದಲಿಸಿ ನೋಡಿದೆ. ‘ಅವರ ಭಾವನೆ’ ಇದ್ದದ್ದನ್ನು ‘ಅವರ ನಡವಳಿಕೆ ನನಗೆ ಕಾಣುವ ರೀತಿ’ ಎಂದು ಮಾಡಿದೆ. ಅಷ್ಟು ಸಾಲಲಿಲ್ಲ. ಕಾರ್ಡ್ ಆ ಜಾಗದಲ್ಲಿ ಬಿತ್ತೆಂದರೆ ಕೇಳುವವರ ಕಣ್ಣು ಹೊಸ ಹೆಸರನ್ನು ದಾಟಿ ಹಳೆಯ ಅರ್ಥಕ್ಕೇ ಹೋಗುತ್ತದೆ. ಆಮೇಲೆ ಆ ಸಾಲನ್ನೇ ತೆಗೆದು ಅಲ್ಲಿ ಒಂದು ಖಾಲಿ ಹಾಳೆ ಇಟ್ಟೆ. ಈಗ ಎದುರಿನವರ ಜಾಗದಲ್ಲಿ ಕಾರ್ಡ್ ಬೀಳುವುದೇ ಇಲ್ಲ. ಅವರು ಬಾಯಿಬಿಟ್ಟು ಹೇಳಿದ್ದು, ಕಣ್ಣಿಗೆ ಕಾಣುವಂತೆ ಮಾಡಿದ್ದು ಮಾತ್ರ ಆ ಹಾಳೆಗೆ ಬರುತ್ತದೆ. ಕಾರ್ಡ್ ಕಲೆಸುವ ಮೊದಲೇ ಅದನ್ನು ಕೇಳುವವರ ಕೈಯಲ್ಲೇ ಬರೆಸುತ್ತೇನೆ.

ಮದುವೆಯ ಮಾತುಕತೆ ನಡೆದಿರುವ ಒಬ್ಬ ಹುಡುಗಿಯ ಉದಾಹರಣೆ ಕೊಡುತ್ತೇನೆ. ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹುಡುಗನ ಕಡೆಯವರು ಬಂದು ನೋಡಿಕೊಂಡು ಹೋಗಿದ್ದಾರೆ, ಎರಡೂ ಮನೆಯವರು ಒಪ್ಪಿದ್ದಾರೆ, ನಿಶ್ಚಿತಾರ್ಥದ ದಿನ ಮಾತ್ರ ಗೊತ್ತಾಗಿಲ್ಲ. ಮೊದಮೊದಲು ಬರುತ್ತಿದ್ದ ಫೋನ್ ಈಗ ಕಡಿಮೆ. "ಅಕ್ಕಾ, ಅವರಿಗೆ ನಾ ಮನಸ್ಸಿಗೆ ಬಂದೀನೋ ಇಲ್ಲೋ, ಅಷ್ಟ ನೋಡಿ ಹೇಳ್ರಿ" ಅಂದಳು.

ಹಾಳೆಯಲ್ಲಿ ಆಕೆ ನಾಲ್ಕು ಸಾಲು ಬರೆದಳು. ಈಗ ಫೋನ್ ಕಡಿಮೆ, ಮೆಸೇಜಿಗೆ ರಾತ್ರಿ ಉತ್ತರ ಬರುತ್ತದೆ. "ಮನ್ಯಾಗ ಮಾತಾಡಬೇಕು" ಎಂದು ಒಮ್ಮೆ ಹೇಳಿದ್ದಾರೆ. ಅವರ ತಾಯಿ ನಮ್ಮವ್ವನಿಗೆ ಹಬ್ಬಕ್ಕೆ ಫೋನ್ ಮಾಡಿದ್ದರು. ಅವರಿಗೆ ಆಸಕ್ತಿ ಕಡಿಮೆಯಾಗಿದೆ. ಈ ನಾಲ್ಕನೆಯದನ್ನು ತೋರಿಸಿ, "ಇದನ್ನ ಅವರ ಹೇಳಿದರೇನವ್ವಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಆ ಸಾಲು ಹೊಡೆದು ಹಾಕಿ ಎಡಗಡೆ, ತನ್ನ ಕಡೆ, ಬರೆದುಕೊಂಡಳು. ಹೊಸ ಸ್ಪ್ರೆಡ್ಡಿನಲ್ಲಿ ಅರ್ಧ ಕೆಲಸ ಇಲ್ಲೇ ಆಗುತ್ತದೆ.

ಆಮೇಲೆ ಐದು ಕಾರ್ಡ್, ಐದೂ ಆಕೆಯವೇ: ನಾನು ಈ ಸಂಬಂಧಕ್ಕೆ ತಂದಿರುವುದು, ಅವರ ಮೌನ ನನ್ನಲ್ಲಿ ಎಬ್ಬಿಸುವ ಭಯ, ನನಗೆ ನಿಜವಾಗಿ ತಿಳಿಯಬೇಕಾದದ್ದು, ಅದನ್ನು ಕೇಳುವ ರೀತಿ, ಉತ್ತರ ಬೇಡವಾದದ್ದಾದರೆ ನನ್ನ ಮುಂದಿನ ಹೆಜ್ಜೆ. ನನ್ನದು ರೈಡರ್-ವೇಟ್ ಡೆಕ್, 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದದ್ದು. ಅದರಲ್ಲಿ ಬರಿಯ ಅಂಕಿಯ ಕಾರ್ಡಿಗೂ ಒಂದೊಂದು ದೃಶ್ಯ ಇರುವುದರಿಂದ ಟ್ಯಾರೋ ಗೊತ್ತಿಲ್ಲದವರೂ ಚಿತ್ರ ನೋಡಿ ಮಾತಾಡಬಲ್ಲರು.

ಮೊದಲು ಬಂದದ್ದು ಪೇಜ್ ಆಫ್ ಕಪ್ಸ್, ಬಟ್ಟಲಿನಿಂದ ತಲೆ ಎತ್ತಿದ ಮೀನನ್ನು ನೋಡುವ ಹುಡುಗ. ಹೊಸ ಆಸೆ ಎಂದು ಓದಿದೆ, ಆಕೆ ಒಪ್ಪಿದಳು. ಎರಡನೆಯದು ಏಟ್ ಆಫ್ ಸ್ವೋರ್ಡ್ಸ್: ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಹೆಂಗಸು, ಸುತ್ತ ನೆಟ್ಟ ಎಂಟು ಕತ್ತಿ. ಆದರೆ ಮುಂದೆ ದಾರಿ ತೆರೆದೇ ಇದೆ, ಅಲ್ಲಿ ಕತ್ತಿ ಇಲ್ಲ. "ಯಾರೂ ಹಿಡಿದಿಲ್ಲ, ನಾನ ಕೇಳವಲ್ಲೆ" ಎಂದು ಆಕೆಯೇ ಅಂದಳು. ಮೂರನೆಯದು ಜಸ್ಟಿಸ್, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ತಕ್ಕಡಿ. ಆಕೆಗೆ ಬೇಕಾದದ್ದು ಪ್ರೀತಿಯ ಮಾತಿಗಿಂತ ಮೊದಲು ಒಂದು ಸ್ಪಷ್ಟ ಉತ್ತರ ಎಂಬಲ್ಲಿಗೆ ಬಂದೆವು.

ನಾಲ್ಕನೆಯ ಜಾಗಕ್ಕೆ ನೈಟ್ ಆಫ್ ಕಪ್ಸ್ ಬಂತು. "ಇದು ಅವರ ಅಲ್ಲೇನ್ರಿ ಅಕ್ಕಾ? ಬಟ್ಟಲ ಹಿಡ್ಕೊಂಡು ಕುದುರಿ ಮ್ಯಾಲ ಬರಾಕತ್ತಾರ!" ಮುಖ ಅರಳಿತ್ತು. ಓದುವವರು ಜಾರುವುದು ಇಲ್ಲಿಯೇ. ಡೆಕ್ಕಿನ 78 ಕಾರ್ಡುಗಳಲ್ಲಿ 16 ಪೇಜ್, ನೈಟ್, ಕ್ವೀನ್, ಕಿಂಗ್‌ಗಳ ಕಾರ್ಡುಗಳು. ಅವುಗಳಲ್ಲಿ ಯಾವುದು ಬಂದರೂ ಮನಸ್ಸಿನಲ್ಲಿರುವ ವ್ಯಕ್ತಿಯೇ ಬಂದರು ಅನಿಸುತ್ತದೆ. ಆ ಖುಷಿಗೆ ಹೌದು ಅಂದುಬಿಟ್ಟರೆ, ಹುಡುಗನಿಗೇ ಗೊತ್ತಿಲ್ಲದ ಒಂದು ಮಾತನ್ನು ನಾನು ಅವನ ಪರವಾಗಿ ಕೊಟ್ಟಂತೆ. ಇದು ‘ಕೇಳುವ ರೀತಿ’ಯ ಜಾಗ ಎಂದು ನೆನಪಿಸಿ, ಕುದುರೆಯ ನಡಿಗೆ ನೋಡಲು ಹೇಳಿದೆ. ನೈಟ್ ಆಫ್ ಸ್ವೋರ್ಡ್ಸ್‌ನ ಕುದುರೆ ನಾಗಾಲೋಟದಲ್ಲಿದೆ, ಇದು ನಿಧಾನ ಹೆಜ್ಜೆ ಇಡುತ್ತದೆ. ಸವಾರ ಬಟ್ಟಲನ್ನು ಮುಂದೆ ಚಾಚಿದ್ದಾನೆ. ಜಗಳಕ್ಕೆ ಹೋದಂತೆ ಕೇಳದೆ, ತನ್ನ ಮನಸ್ಸನ್ನು ಮೊದಲು ಹೇಳಿ ಆಮೇಲೆ ಕೇಳುವುದು ಎಂದು ಓದಿದೆವು. ಐದನೆಯದು ಸಿಕ್ಸ್ ಆಫ್ ಸ್ವೋರ್ಡ್ಸ್, ದೋಣಿಯಲ್ಲಿ ತಲೆ ಬಗ್ಗಿಸಿ ಕೂತವರನ್ನು ಅಂಬಿಗ ದಾಟಿಸುವ ಚಿತ್ರ. ದುಃಖ ಆಗುತ್ತದೆ, ದಾಟಲೂ ಆಗುತ್ತದೆ ಎಂದಷ್ಟೇ ಹೇಳಿದೆ.

"ಅವರಿಗಂತ ಇನ್ನೊಂದ ಒಂದು ಕಾರ್ಡ್ ತಗೀರಿ" ಎಂದು ಕೊನೆಗೆ ಕೇಳಿದಳು. ಬಹಳ ಮಂದಿ ಇದನ್ನು ಕೇಳುತ್ತಾರೆ. ತೆಗೆಯಲಿಲ್ಲ. ಅವರನ್ನು ಕೇಳದೆ ಅವರ ಮನಸ್ಸು ಇದು ಎಂದು ಹೇಳುವುದಿಲ್ಲ, ಬೇಕಾದರೆ ಇಬ್ಬರೂ ಬನ್ನಿ ಎಂದೆ. ಇಬ್ಬರೂ ಎದುರಿಗಿದ್ದರೆ ಹಳೆಯ ಏಳು ಕಾರ್ಡನ್ನೇ ಹಾಕಬಹುದು, ತಮ್ಮ ಸಾಲಿಗೆ ಅವರವರೇ ಉತ್ತರ ಹೇಳುತ್ತಾರೆ.

ಜಾರಿದ್ದೇನೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಓದಿದ ಮೇಲೆ ನಾನು ಆಡಿದ ಮಾತನ್ನು ಡೈರಿಯಲ್ಲಿ ಬರೆದು, ‘ಅವನಿಗೆ ಅನಿಸುತ್ತದೆ’, ‘ಅವಳು ಬಯಸುತ್ತಾಳೆ’ ಎಂಬಂಥ ವಾಕ್ಯ ಇದೆಯೇ ಎಂದು ಹುಡುಕುತ್ತೇನೆ. ‘ಅವನು ಹೀಗೆ ಹೇಳಿದ್ದಾನೆ’ ಇದ್ದರೆ ಸರಿ, ಅದು ಹಾಳೆಯಲ್ಲಿದೆ. ದೊಡ್ಡ ಸ್ಪ್ರೆಡ್ಡಿಗೂ ಇದೇ ಪರೀಕ್ಷೆ. ಹತ್ತು ಕಾರ್ಡಿನ ಕೆಲ್ಟಿಕ್ ಕ್ರಾಸ್‌ನಲ್ಲಿ ಎಂಟನೆಯದು ಮನೆ ಮತ್ತು ಸುತ್ತಲಿನವರ ಪ್ರಭಾವದ ಜಾಗ. ಅಲ್ಲಿ ಕ್ವೀನ್ ಬಂದರೆ ಅತ್ತೆಯ ಒಳಮನಸ್ಸಿಗೆ ಹೋಗದೆ, ಆ ಮನೆಯ ವಾತಾವರಣ ಕೇಳುವವಳನ್ನು ಹೇಗೆ ತಟ್ಟುತ್ತಿದೆ ಎಂಬಲ್ಲಿಗೆ ನಿಲ್ಲುತ್ತೇನೆ.

ಎದುರಿನವರು ಈಗಾಗಲೇ ಬೇಡ ಅಂದಿದ್ದರೆ, ನಂಬರ್ ಬ್ಲಾಕ್ ಮಾಡಿದ್ದರೆ, ಹೊಸ ಸ್ಪ್ರೆಡ್ಡನ್ನೂ ಹಾಕುವುದಿಲ್ಲ. ಆಗ ‘ಕೇಳುವ ರೀತಿ’ ಎಂಬ ಜಾಗವೇ ಬೆನ್ನು ಹತ್ತಲು ಒಂದು ನೆಪವಾಗುತ್ತದೆ. ಇನ್ನೊಬ್ಬರ ಕಾಯಿಲೆ, ಬಸಿರು, ಗುಟ್ಟಿನ ಸಂಬಂಧದ ಪ್ರಶ್ನೆಗಳಿಗೂ ಕಾರ್ಡ್ ಮುಟ್ಟುವುದಿಲ್ಲ.

ಇನ್ನೂ ಕೂಡಿಬರದಿರುವುದು ತಾಯಂದಿರ ಪ್ರಶ್ನೆ. ಹಾಸ್ಟೆಲಿನಲ್ಲಿರುವ ಮಗಳು ಮಾತು ಕಡಿಮೆ ಮಾಡಿದ್ದಾಳೆ, ಏನಾಗಿದೆ ಎಂದು ಕೇಳುತ್ತಾರೆ. ಆ ಆತಂಕವನ್ನು ಬರಿಯ ಕುತೂಹಲ ಅನ್ನಲಾರೆ. ಆದರೂ ಮಗಳ ಮನಸ್ಸು ಮಗಳದೇ. ಐದನೆಯ ಜಾಗವನ್ನು ‘ಅವಳು ಹೇಳಿದಾಗ ನಾನು ಬೈಯದೆ ಕೇಳಿಸಿಕೊಳ್ಳಲು ಏನು ಬೇಕು’ ಎಂದು ಬದಲಿಸಿ ಸದ್ಯಕ್ಕೆ ಹಾಕಿ ನೋಡುತ್ತಿದ್ದೇನೆ. ಹಾಳೆಯಲ್ಲಿ ತಾಯಿ ಬರೆಯುವುದರಲ್ಲಿ ಊಹೆಯೇ ಹೆಚ್ಚು ಬರುತ್ತಿದೆ, ಹಾಗಾಗಿ ಮುಂದಿನ ಸಲ ಬರೆಸುವ ಮೊದಲು "ಕಡೀಕ ಆಕಿ ಜೋಡಿ ಮಾತಾಡಿದಾಗ ಆಕಿ ಏನಂದಳು?" ಎಂಬ ಒಂದೇ ಪ್ರಶ್ನೆ ಕೇಳಿ ನೋಡಬೇಕು.