ಬೀಗ ಹಾಕಿದ ರೂಮಿನ ಬಾತ್‌ರೂಮಿಗೆ ಜಿರಳೆ ಬರುವ ದಾರಿ

ಕೊಡಗಿನ ಹೋಂಸ್ಟೇ ಕೆಲಸದಲ್ಲಿ ಬೇಸಿಗೆ ಹೊತ್ತಿಗೆ ಪದೇಪದೇ ಕೇಳುವ ದೂರು: "ಎರಡು ತಿಂಗಳು ಬೀಗ ಹಾಕಿದ್ದ ರೂಮು, ಎಷ್ಟು ಸ್ಪ್ರೇ ಹೊಡೆದರೂ ಬಾತ್‌ರೂಮಲ್ಲಿ ಜಿರಳೆ." ಸ್ಪ್ರೇ ಡಬ್ಬ ಪಕ್ಕಕ್ಕಿಟ್ಟು, ನೆಲದ ಜಾಲಿ ಎತ್ತಿ ಟಾರ್ಚ್ ಬಿಡಿ.

ಜಾಲಿಯ ಕೆಳಗಿನ ನಹಾನಿ ಟ್ರ್ಯಾಪ್‌ನಲ್ಲಿ ಸುಮಾರು 50 ಮಿ.ಮೀ., ಅಂದರೆ ಎರಡು ಇಂಚು ನೀರು ನಿಂತಿರಬೇಕು. ಗುಂಡಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು ಆ ನೀರೇ. ರೂಮು ಬಳಸದಿದ್ದರೆ ಅದು ಕೆಲವೇ ವಾರಗಳಲ್ಲಿ ಆರಿಹೋಗುತ್ತದೆ. ಟಾರ್ಚ್ ಬೆಳಕು ಹೊಳೆಯದೆ ತಳ ಒಣಗಿ ಕಂಡರೆ ಉತ್ತರ ಸಿಕ್ಕಿತು: ಒಂದು ಬಕೆಟ್ ನೀರು ಸುರಿಯಿರಿ. ಖಾಲಿ ರೂಮಿಗೆ ವಾರಕ್ಕೊಮ್ಮೆ ಒಂದೆರಡು ಮಗ್ ಸಾಕು. ತಿಂಗಳುಗಟ್ಟಲೆ ಮುಚ್ಚುವುದಾದರೆ ನೀರಿನ ಮೇಲೆ ಎರಡು ಚಮಚ ಸೂರ್ಯಕಾಂತಿ ಎಣ್ಣೆ ಬಿಟ್ಟರೆ ಆರುವುದು ನಿಧಾನವಾಗುತ್ತದೆ. ತೆಂಗಿನೆಣ್ಣೆ ಬೇಡ, ಇಲ್ಲಿನ ಚಳಿಗೆ ಗಟ್ಟಿಯಾಗಿ ಕೂದಲು ಹಿಡಿದುಕೊಳ್ಳುತ್ತದೆ.

ನೀರಿದ್ದೂ ಜಿರಳೆ ಬಂದರೆ ಟ್ರ್ಯಾಪ್‌ನ ಕಪ್ ನೋಡಿ. ಹಲವು ಟ್ರ್ಯಾಪ್‌ಗಳಲ್ಲಿ ಒಳಗಿನ ಕೊಳವೆಯ ಮೇಲೆ ಲೋಟದಂಥ ಕಪ್ಪೊಂದು ಮಗುಚಿ ಕೂತಿರುತ್ತದೆ, ಅದರ ಅಂಚು ನೀರಲ್ಲಿ ಮುಳುಗಿರುತ್ತದೆ. ನೀರು ನಿಧಾನ ಇಳಿಯುತ್ತದೆಂದು ಕ್ಲೀನ್ ಮಾಡುವವರು ಅದನ್ನೇ ತೆಗೆದಿಟ್ಟುಬಿಡುತ್ತಾರೆ. ಆಗ ಸುತ್ತ ನೀರಿದ್ದರೂ ಕೊಳವೆಯ ಬಾಯಿ ನಡುವೆ ತೆರೆದೇ ಇರುತ್ತದೆ. ಕೂದಲು, ಸೋಪಿನ ಜಿಡ್ಡು ತೆಗೆದು ಕಪ್ಪನ್ನು ವಾಪಸ್ ಕೂರಿಸಬೇಕು. ತುಂಬಿದ ಟ್ರ್ಯಾಪ್ ಪ್ರತಿ ಸಲ ಫ್ಲಶ್ ಮಾಡಿದಾಗ ಗುಳುಗುಳು ಎಂದು ಖಾಲಿಯಾದರೆ ತಪ್ಪು ಟ್ರ್ಯಾಪಿನದಲ್ಲ. ಗಾಳಿ ಪೈಪು ಇಲ್ಲ, ಇಲ್ಲವೇ ಕಟ್ಟಿಕೊಂಡಿದೆ.

ವಾಶ್‌ಬೇಸಿನ್ ಪೈಪು ನೆಲಕ್ಕಿಳಿಯುವ ತೂತನ್ನು ಯಾರೂ ನೋಡುವುದಿಲ್ಲ. ಅಗಲ ಪೈಪಿನೊಳಗೆ ಒಂದೂಕಾಲು ಇಂಚಿನ ಪೈಪು ಸುಮ್ಮನೆ ತೂರಿಸಿದ್ದರೆ ಸುತ್ತಲಿನ ಸಂದಿಯೇ ಜಿರಳೆಗೆ ಬಾಗಿಲು. ಅದಕ್ಕೆ ಸರಿಯಾದ ರಬ್ಬರ್ ರಿಂಗ್ ಹಾಕಿ.

ಇಲಿಯ ಲೆಕ್ಕ ಬೇರೆ. ಎರಡು ಇಂಚು ನೀರು ಅದಕ್ಕೆ ಏನೂ ಅಲ್ಲ. ಮುಳುಗಿ, ಉಸಿರು ಬಿಗಿಹಿಡಿದು ಕಮೋಡಿನೊಳಗೂ ಏಳುತ್ತದೆ. ಮಳೆಗಾಲದಲ್ಲಿ ಗುಂಡಿ ತುಂಬಿದಾಗ ಇದು ಹೆಚ್ಚು. ಇಲ್ಲಿ ಬೇಕಿರುವುದು ಗಟ್ಟಿ ಮುಚ್ಚಳ: ಸೆಪ್ಟಿಕ್ ಟ್ಯಾಂಕಿನ ಬಿರುಕುಬಿಟ್ಟ ಚಪ್ಪಡಿಗೆ ಗಾರೆ, ಚೇಂಬರಿನ ಒಡೆದ ಮುಚ್ಚಳಕ್ಕೆ ಹೊಸದು, ನೆಲಕ್ಕೆ ಸ್ಕ್ರೂ ಹಾಕಿ ಬಿಗಿದ ಸ್ಟೀಲ್ ಜಾಲಿ. ಪ್ಲಾಸ್ಟಿಕ್ ಜಾಲಿಯನ್ನು ಕಡಿದು ಹಾಕುತ್ತದೆ. ಗೋಡೆ ಸಂದಿಗೆ ಫೋಮ್ ತುಂಬಬೇಡಿ, ಅದನ್ನೂ ಕೊರೆಯುತ್ತದೆ. ಸ್ಟೀಲ್ ಜಾಲರಿ ತುರುಕಿ ಮೇಲೆ ಸಿಮೆಂಟ್ ಹಾಕಿ. ಅದಾದ ಮೇಲೂ ಕಮೋಡಿನಲ್ಲಿ ಇಲಿ ಕಂಡರೆ, ಹೊರಗಿನ ಚೇಂಬರಿನಲ್ಲಿ ಪೈಪಿನ ಬಾಯಿಗೆ ಒಂದೇ ಕಡೆ ತೆರೆಯುವ ಸ್ಟೀಲ್ ಫ್ಲಾಪ್ ಕೂರಿಸಬೇಕಾಗುತ್ತದೆ. ಅದಕ್ಕೆ ಬಟ್ಟೆ, ಪ್ಯಾಡ್ ಸಿಕ್ಕಿಕೊಂಡರೆ ಬಾಗಿಲು ಅರ್ಧ ತೆರೆದೇ ನಿಲ್ಲುತ್ತದೆ, ಹಾಗಾಗಿ ಆಗಾಗ ಮುಚ್ಚಳ ತೆಗೆದು ನೋಡಲೇಬೇಕು.