ಆ ಲೆಕ್ಕ ಯಾಕೆ ತಪ್ಪಾಯಿತು?

"ಮೇಡಂ, ಸೆಕೆಂಡ್ ಪಿಯು ಫಿಸಿಕ್ಸ್‌ಗೆ ದಿನಕ್ಕೆ ಎಷ್ಟು ಗಂಟೆ ಥಿಯರಿ ಓದಬೇಕು, ಎಷ್ಟು ಗಂಟೆ ಪ್ರಾಬ್ಲಂ ಮಾಡಬೇಕು?"

ನಾನು ಗಂಟೆ ಹೇಳುವುದಿಲ್ಲ. ನಿಮ್ಮ ಲೆಕ್ಕದ ಪುಸ್ತಕ ನೋಡದೆ ಯಾರಾದರೂ ಹೇಳಿದರೆ ನಂಬಲೂ ಬೇಡಿ.

ಪಾಠಕ್ಕೆ ಬರುತ್ತಿದ್ದ ಹುಡುಗನೊಬ್ಬ ಕೆಪಾಸಿಟರ್ ಪಾಠದ ನಲವತ್ತು ಲೆಕ್ಕ ಮಾಡಿಕೊಂಡು, ಅಮ್ಮನ ಜೊತೆ ಬಂದಿದ್ದ. ನಾನು ಇನ್ನೊಂದು ಕೊಟ್ಟೆ. 2 µF ಕೆಪಾಸಿಟರನ್ನು 100 V ಬ್ಯಾಟರಿಯಿಂದ ಚಾರ್ಜ್ ಮಾಡಿ, ಬ್ಯಾಟರಿ ಬಿಚ್ಚಿ, ಪ್ಲೇಟುಗಳ ನಡುವೆ K = 2 ಇರುವ ಡೈಎಲೆಕ್ಟ್ರಿಕ್ ಪೂರ್ತಿ ತುಂಬಿದರೆ ಶಕ್ತಿ ಎಷ್ಟು? C ಈಗ 4 µF ಅಂತ ಸರಿಯಾಗಿ ಬರೆದ. ½CV² ಹಾಕಿದ, V ಜಾಗದಲ್ಲಿ 100 ಇಟ್ಟ, 0.02 J ತಂದ. ಗುಣಾಕಾರದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಸರಿಯುತ್ತರ 0.005 J.

"ಬ್ಯಾಟರಿ ಬಿಚ್ಚಿದ ಮೇಲೆ ಯಾವುದು ಬದಲಾಗಲ್ಲ?" ಅಂದೆ. ಅವನು ಸುಮ್ಮನಾದ. ಅಮ್ಮ ಕೇಳಿದರು, "ಹಾಗಾದ್ರೆ ಥಿಯರಿಗೆ ಇನ್ನೊಂದು ಗಂಟೆ ಸೇರಿಸೋಣ್ವಾ ಮೇಡಂ?"

ನನಗೆ ಸಿಟ್ಟು ಬರುವುದು ಇಲ್ಲೇ. ಇಡೀ ಪಾಠ ಮತ್ತೆ ಓದಿ ಏನು ಮಾಡುತ್ತಾನೆ? ಅವನಿಗೆ ಬೇಕಿದ್ದದ್ದು ಅರ್ಧ ಪುಟ. ಚಾರ್ಜ್ ಹೋಗಲು ದಾರಿಯೇ ಇಲ್ಲ, ಹಾಗಾಗಿ Q ಹಾಗೇ ಇರುತ್ತದೆ, C ಎರಡರಷ್ಟಾದರೆ V ಇಳಿದು 50 ಆಗುತ್ತದೆ. ಮೊದಲು 0.01 J ಇತ್ತಲ್ವಾ, ಉಳಿದರ್ಧ ಎಲ್ಲಿ ಹೋಯಿತು ಅಂತಲೂ ಕೇಳಬೇಕು. ಡೈಎಲೆಕ್ಟ್ರಿಕ್ಕನ್ನು ಒಳಗೆ ಎಳೆದುಕೊಂಡದ್ದು ಆ ವಿದ್ಯುತ್ ಕ್ಷೇತ್ರವೇ, ಶಕ್ತಿ ಆ ಕೆಲಸಕ್ಕೆ ಹೋಯಿತು. ಇಷ್ಟು ಓದಿದ ತಕ್ಷಣ ಅದೇ ಲೆಕ್ಕವನ್ನು ಬ್ಯಾಟರಿ ಬಿಚ್ಚದೆ ಮಾಡಬೇಕು. ಆಗ V ಹಾಗೇ ಇರುತ್ತದೆ, ಅವನ 0.02 J ಸರಿಯಾಗುತ್ತದೆ.

ನನ್ನನ್ನು ಕೇಳಬೇಕಾದದ್ದು "ಈ ಲೆಕ್ಕ ಯಾಕೆ ತಪ್ಪಾಯಿತು" ಅಂತ. ತಪ್ಪಾದ ಪ್ರತಿ ಲೆಕ್ಕದ ಪಕ್ಕ ಒಂದೇ ಸಾಲು ಬರೆಯಿರಿ. ಸೂತ್ರ ಗೊತ್ತಿದ್ದೂ ಯಾವುದು ಸ್ಥಿರ, ಯಾವುದು ಬದಲಾಗುತ್ತದೆ ಅಂತ ತಿಳಿಯಲಿಲ್ಲವಾ? ಪುಸ್ತಕ ತೆರೆಯಿರಿ, ಆ ಭಾಗ ಮಾತ್ರ ಓದಿ. ಮೈಕ್ರೋದ 10⁻⁶ ಬಿಟ್ಟುಹೋಯಿತಾ, ವರ್ಗ ಮಾಡುವುದು ಮರೆತಿರಾ? ಅದಕ್ಕೆ ಓದು ಮದ್ದಲ್ಲ, ಕೈಯಲ್ಲೇ ಇನ್ನಷ್ಟು ಲೆಕ್ಕ ಮಾಡಬೇಕು. ಸಿಇಟಿಯಲ್ಲಿ 60 ಪ್ರಶ್ನೆಗೆ ಸಿಗುವುದು 80 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ. ಅಲ್ಲಿ ಈ ಎರಡನೇ ತಪ್ಪು ತುಂಬಾ ಜನರ ಅಂಕ ತಿನ್ನುತ್ತದೆ. ಒಂದು ವಾರದ ಸಾಲುಗಳನ್ನು ಎಣಿಸಿದರೆ ಯಾವುದಕ್ಕೆ ಜಾಸ್ತಿ ಹೊತ್ತು ಕೊಡಬೇಕು ಅಂತ ಗೊತ್ತಾಗುತ್ತದೆ, ಮತ್ತು ಅದು ಪಾಠದಿಂದ ಪಾಠಕ್ಕೆ ಬದಲಾಗುತ್ತದೆ.

ಆಮೇಲೆ ಆ ಹುಡುಗನ ನಲವತ್ತು ಲೆಕ್ಕ ತಿರುವಿ ನೋಡಿದೆ. ಎಲ್ಲ ಸರಿ. ಬ್ಯಾಟರಿ ಬಿಚ್ಚಿದ ಲೆಕ್ಕ ಅದರಲ್ಲಿ ಒಂದೂ ಇರಲಿಲ್ಲ.